ಔಷಧಿ ಫ್ರಿಜ್ಜಿನ ಅಲಾರಂ: ಬಾಗಿಲು ತೆರೆದಾಗ ಸುಮ್ಮನಿದ್ದು, ಬಿಸಿಯೇರಿದಾಗ ಕೂಗುವುದು ಹೇಗೆ

ನಾಪೋಕ್ಲಿನಂಥ ಊರಿನಲ್ಲಿರುವ ಒಂದು ಔಷಧಿ ಅಂಗಡಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಲ್ಲಿ 200 ಲೀಟರಿನ ಮನೆಬಳಕೆಯ ಫ್ರಿಜ್ ಇದೆ. ಅದರೊಳಗೆ ಇನ್ಸುಲಿನ್ ಬಾಟಲಿಗಳು, ರೇಬೀಸ್ ಲಸಿಕೆ, ಧನುರ್ವಾಯುವಿನ ಚುಚ್ಚುಮದ್ದು ಮತ್ತು ಕೆಲವು ಬಗೆಯ ಕಣ್ಣಿನ ಹನಿಗಳು ಇವೆ. ಇವನ್ನೆಲ್ಲ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಹಗಲಿನಲ್ಲಿ ಗಿರಾಕಿಗಳು ಬಂದಂತೆಲ್ಲ ಫ್ರಿಜ್ಜಿನ ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ರಾತ್ರಿ ಅಂಗಡಿಗೆ ಬೀಗ ಬಿದ್ದ ಮೇಲೆ ಒಳಗೆ ಏನಾಯಿತೆಂದು ನೋಡುವವರು ಯಾರೂ ಇರುವುದಿಲ್ಲ. ಕೊಡಗಿನ ಮಳೆಗಾಲದಲ್ಲಿ ತಂತಿಯ ಮೇಲೆ ಮರದ ಕೊಂಬೆ ಬಿದ್ದು ಕರೆಂಟ್ ಹೋಗುವುದು ಸಾಮಾನ್ಯವಾದ್ದರಿಂದ, ಆ ರಾತ್ರಿಗಳಿಗಾಗಿಯೇ ಅಂಗಡಿಯವರು ಒಂದು ಅಲಾರಂ ಇಡಲು ಬಯಸುತ್ತಾರೆ. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಅಲಾರಂ ಒಂದೇ ಲೆಕ್ಕವನ್ನು ಬಲ್ಲದು: 8 ಡಿಗ್ರಿ ದಾಟಿದರೆ ಕೂಗಬೇಕು. ಅದು ಬಾಗಿಲು ತೆರೆದಾಗಲೆಲ್ಲ ಕೂಗುತ್ತದೆ. ಕೆಲವೇ ದಿನಗಳಲ್ಲಿ ಯಾರಾದರೂ ಅದರ ಬ್ಯಾಟರಿ ತೆಗೆದಿಡುತ್ತಾರೆ, ಇಲ್ಲವೇ ಮಿತಿಯನ್ನು 15 ಡಿಗ್ರಿಗೆ ಏರಿಸುತ್ತಾರೆ. ಅಲ್ಲಿಗೆ ಆ ಅಲಾರಂ ಇದ್ದೂ ಇಲ್ಲದಂತೆ ಆಗುತ್ತದೆ.

ಬಾಗಿಲು ತೆರೆದದ್ದಕ್ಕೂ ಕರೆಂಟ್ ಹೋದದ್ದಕ್ಕೂ ಇರುವ ವ್ಯತ್ಯಾಸವನ್ನು ಯಂತ್ರಕ್ಕೆ ತಿಳಿಸಬೇಕಾದರೆ, ಮೊದಲು ಫ್ರಿಜ್ಜಿನೊಳಗೆ ಬಿಸಿಯಾಗುವುದು ಏನು ಎಂಬುದನ್ನು ನೋಡಬೇಕು. ಬಾಗಿಲು ತೆರೆದಾಗ ಬಿಸಿಯಾಗುವುದು ಮುಖ್ಯವಾಗಿ ಗಾಳಿ. ಸಾಮಾನು ತುಂಬಿದ ಫ್ರಿಜ್ಜಿನಲ್ಲಿ ಸುಮಾರು 150 ಲೀಟರ್ ಗಾಳಿ ಇದೆಯೆಂದರೆ ಅದರ ತೂಕ ಸುಮಾರು 190 ಗ್ರಾಂ ಮಾತ್ರ. ಅಷ್ಟು ಗಾಳಿಯನ್ನು 10 ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖ 2 ಕಿಲೋಜೂಲಿಗಿಂತ ಸ್ವಲ್ಪ ಕಡಿಮೆ, ಮತ್ತು ಅಷ್ಟೇ ಶಾಖದಿಂದ ಅರ್ಧ ಲೀಟರ್ ನೀರು 1 ಡಿಗ್ರಿಯಷ್ಟೂ ಬಿಸಿಯಾಗುವುದಿಲ್ಲ. ಆದ್ದರಿಂದ ಗಾಳಿಯಲ್ಲಿ ತೂಗುಬಿಟ್ಟ ಸೆನ್ಸರ್ ಒಂದು ನಿಮಿಷದಲ್ಲಿ 5ರಿಂದ 14 ಡಿಗ್ರಿಗೆ ಹಾರಿದಾಗಲೂ ಅದರ ಪಕ್ಕದಲ್ಲಿರುವ ಇನ್ಸುಲಿನ್ ಬಾಟಲಿಗೆ ಬಹುಮಟ್ಟಿಗೆ ಏನೂ ಆಗಿರುವುದಿಲ್ಲ. ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ನಮಗೆ ಬೇಕಿಲ್ಲದ ವಸ್ತುವಿನ ಉಷ್ಣತೆಯನ್ನು ಅದು ಸರಿಯಾಗಿಯೇ ಹೇಳುತ್ತಿದೆ.

ಕೊಡಗಿನಲ್ಲಿ ಈ ಲೆಕ್ಕಕ್ಕೆ ತೇವವನ್ನೂ ಸೇರಿಸಬೇಕು. ಜುಲೈ ತಿಂಗಳಿನ 20 ಡಿಗ್ರಿಯ ಒದ್ದೆ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 16 ಗ್ರಾಂ ನೀರಾವಿ ಇರುತ್ತದೆ, 5 ಡಿಗ್ರಿಯ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದು 7 ಗ್ರಾಮಿಗಿಂತ ಕಡಿಮೆ. ಮಿಕ್ಕಿದ್ದು ಒಳಗಿನ ಗೋಡೆಗಳ ಮೇಲೂ ಬಾಟಲಿಗಳ ಮೇಲೂ ಹನಿಯಾಗಿ ಇಳಿಯುತ್ತದೆ, ಇಳಿಯುವಾಗ ತನ್ನಲ್ಲಿದ್ದ ಶಾಖವನ್ನು ಅಲ್ಲಿಯೇ ಬಿಟ್ಟುಕೊಡುತ್ತದೆ. ಒಳಗಿನ ಗಾಳಿಯೆಲ್ಲ ಒಮ್ಮೆ ಬದಲಾದರೆ ಗಾಳಿಯಿಂದ 3 ಕಿಲೋಜೂಲಿನಷ್ಟು, ತೇವದಿಂದ ಅದಕ್ಕೂ ಸ್ವಲ್ಪ ಹೆಚ್ಚು, ಒಟ್ಟು ಸುಮಾರು 6.5 ಕಿಲೋಜೂಲ್ ಶಾಖ ಒಳಗೆ ಬರುತ್ತದೆ. ಔಷಧಿಗಳು, ತಳದಲ್ಲಿಟ್ಟ ನೀರಿನ ಬಾಟಲಿಗಳು, ತಟ್ಟೆಗಳು ಎಲ್ಲ ಸೇರಿ 1 ಡಿಗ್ರಿ ಬಿಸಿಯಾಗಲು 50 ಕಿಲೋಜೂಲ್ ಬೇಕೆಂದು ಇಟ್ಟುಕೊಂಡರೆ, ಬಾಗಿಲನ್ನು ಒಂದು ಸಲ ತೆರೆದದ್ದರಿಂದ ಸಾಮಾನು ಬಿಸಿಯಾಗುವುದು ಹೆಚ್ಚೆಂದರೆ 0.13 ಡಿಗ್ರಿ. ಓಡುತ್ತಿರುವ ಕಂಪ್ರೆಸರ್ ನಿಮಿಷಕ್ಕೆ ಸುಮಾರು 6 ಕಿಲೋಜೂಲ್ ಹೊರಹಾಕಬಲ್ಲುದಾದ್ದರಿಂದ ಅದಕ್ಕೆ ಇದು ಒಂದೆರಡು ನಿಮಿಷದ ಕೆಲಸ.

ಕರೆಂಟ್ ಹೋದಾಗ ನಡೆಯುವುದು ಬೇರೆಯೇ ಬಗೆಯದು. ಗೋಡೆಗಳ ಮೂಲಕ ಶಾಖ ನಿಧಾನವಾಗಿ, ಆದರೆ ಬಿಡದೆ ಒಳಗೆ ಇಳಿಯುತ್ತದೆ, ಅದನ್ನು ಹೊರಹಾಕುವವರು ಯಾರೂ ಇರುವುದಿಲ್ಲ. ಇಂಥ ಫ್ರಿಜ್ಜಿನೊಳಕ್ಕೆ ಹೊರಗಿನ ಮತ್ತು ಒಳಗಿನ ಉಷ್ಣತೆಯ ನಡುವಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.3 ವ್ಯಾಟ್ ಶಾಖ ಬರುತ್ತದೆಂದು ಅಂದಾಜು ಮಾಡಬಹುದು. ಹೊರಗೆ 20, ಒಳಗೆ 5 ಇದ್ದರೆ 20 ವ್ಯಾಟ್, ಅಂದರೆ ಗಂಟೆಗೆ 70 ಕಿಲೋಜೂಲಿನಷ್ಟು. ಸಾಮಾನಿನ ಉಷ್ಣತೆ ಗಂಟೆಗೆ ಸುಮಾರು 1.4 ಡಿಗ್ರಿ ಏರುತ್ತದೆ. ಗಾಳಿಯ ಉಷ್ಣತೆ ಇಲ್ಲಿ ಹಾರುವುದಿಲ್ಲ, ಸಾಮಾನಿನ ಜೊತೆಗೇ ಮೆಲ್ಲನೆ ಹತ್ತುತ್ತದೆ. ಹೀಗಾಗಿ ನಿಜವಾದ ಅಪಾಯದ ಗುರುತು ದೊಡ್ಡ ಏರಿಕೆಯಲ್ಲಿ ಇಲ್ಲ, ಇಳಿಯದ ಏರಿಕೆಯಲ್ಲಿ ಇದೆ. ಥಟ್ಟನೆ 14 ಡಿಗ್ರಿ ತೋರಿಸಿ ಹತ್ತು ನಿಮಿಷದಲ್ಲಿ ಇಳಿಯುವ ಗೆರೆಗಿಂತ, 8.5ಕ್ಕೆ ಬಂದು ಅಲ್ಲಿಂದ ಕೆಳಗಿಳಿಯದ ಗೆರೆ ಹೆಚ್ಚು ಚಿಂತೆಗೆ ಕಾರಣವಾಗಬೇಕು.

ಇದರಿಂದ ಮೊದಲ ಪರಿಹಾರ ತಾನಾಗಿಯೇ ಹೊಳೆಯುತ್ತದೆ: ಸೆನ್ಸರನ್ನು ಗಾಳಿಯಲ್ಲಿ ಬಿಡದೆ, ಔಷಧಿಯಂತೆಯೇ ನಿಧಾನವಾಗಿ ಬಿಸಿಯಾಗುವ ಒಂದು ವಸ್ತುವಿನೊಳಗೆ ಇಡಬೇಕು. ದೊಡ್ಡ ಲಸಿಕಾ ಉಗ್ರಾಣಗಳಲ್ಲಿ ಇದಕ್ಕಾಗಿ ಗ್ಲೈಕಾಲ್ ತುಂಬಿದ ಸಣ್ಣ ಸೀಸೆಯನ್ನೋ ಗಾಜಿನ ಮಣಿಗಳನ್ನೋ ಬಳಸುತ್ತಾರೆ. ನಮ್ಮ ಅಂಗಡಿಯಲ್ಲಿ ಅದಕ್ಕೂ ಒಳ್ಳೆಯ ವಸ್ತು ಕೈಗೆಟುಕುವಂತೆ ಇದೆ. ಖಾಲಿಯಾದ 10 ಮಿಲಿಲೀಟರಿನ ಇನ್ಸುಲಿನ್ ಬಾಟಲಿಯ ಮುಚ್ಚಳ ತೆಗೆದು, ತೊಳೆದು, ಗ್ಲಿಸರಿನ್ ತುಂಬಿ, ಸೆನ್ಸರಿನ ಉಕ್ಕಿನ ಕಡ್ಡಿಯನ್ನು ಅದರಲ್ಲಿ ಮುಳುಗಿಸಿ ಬಾಯಿಯನ್ನು ಸಿಲಿಕೋನಿನಿಂದ ಮುಚ್ಚಿದರೆ ಸಾಕು. ಆಗ ನಾವು ಅಳೆಯುವುದು ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಬಾಟಲಿಯ ಉಷ್ಣತೆಗೆ ತೀರ ಹತ್ತಿರವಾದದ್ದು. ಸೀಸೆ ದೊಡ್ಡದಾದಷ್ಟೂ ಅಲಾರಂ ಶಾಂತವಾಗುತ್ತದೆ ಎಂಬುದು ನಿಜವಾದರೂ ಅರ್ಧ ಲೀಟರಿನ ಬಾಟಲಿಯಲ್ಲಿ ಸೆನ್ಸರ್ ಮುಳುಗಿಸುವುದು ತಪ್ಪು, ಏಕೆಂದರೆ ಸಣ್ಣ ಔಷಧಿ ಬಿಸಿಯಾಗಿ ಎಷ್ಟೋ ಹೊತ್ತಾದ ಮೇಲೆ ಅದಕ್ಕೆ ಸುದ್ದಿ ತಲುಪುತ್ತದೆ. ಒಳಗಿರುವ ಔಷಧಿಗಳಲ್ಲಿ ಬೇಗ ಬಿಸಿಯಾಗುವುದು ಯಾವುದೋ ಅದರ ಗಾತ್ರಕ್ಕೆ ಸೀಸೆ ಹೊಂದಬೇಕು.

ಆ ಸೀಸೆ ಎಷ್ಟು ನಿಧಾನ ಎಂಬುದನ್ನು ಊಹಿಸಬೇಕಿಲ್ಲ, ಅಳೆಯಬಹುದು. 5 ಡಿಗ್ರಿಯಲ್ಲಿ ರಾತ್ರಿಯಿಡೀ ಇದ್ದ ಸೀಸೆಯನ್ನು 20 ಡಿಗ್ರಿಯ ಕೋಣೆಗೆ ತಂದಿಟ್ಟು, ಎರಡರ ನಡುವಿನ 15 ಡಿಗ್ರಿ ಅಂತರದಲ್ಲಿ 63 ಪ್ರತಿಶತವನ್ನು, ಅಂದರೆ ಸುಮಾರು 14.5 ಡಿಗ್ರಿಯನ್ನು, ತಲುಪಲು ಎಷ್ಟು ನಿಮಿಷ ಬೇಕಾಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಬೇಕು. ಆ ನಿಮಿಷಗಳನ್ನು ಸೀಸೆಯ ಕಾಲಮಾನ ಎಂದು ಕರೆಯೋಣ. 10 ಮಿಲಿಲೀಟರ್ ಸೀಸೆಗೆ ಅದು 20 ನಿಮಿಷದ ಆಸುಪಾಸಿನಲ್ಲಿ ಬರುತ್ತದೆ. ಮುಂದಿನ ಲೆಕ್ಕಕ್ಕೆ 20 ಎಂದೇ ಇಟ್ಟುಕೊಳ್ಳುತ್ತೇನೆ. ಈ ಒಂದು ಸಂಖ್ಯೆಯಿಂದ ಎರಡು ವಿಷಯ ತಿಳಿಯುತ್ತವೆ. ಗಾಳಿ 5 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ 7 ನಿಮಿಷ ಇದ್ದರೆ ಸೀಸೆಯ ಉಷ್ಣತೆ ಏರುವುದು ಸುಮಾರು 1.5 ಡಿಗ್ರಿ ಮಾತ್ರ. ಆದರೆ ಗಾಳಿ ಒಂದೇ ವೇಗದಲ್ಲಿ ಏರುತ್ತಾ ಹೋದರೆ ಸೀಸೆ ಅದರ ಹಿಂದೆ 20 ನಿಮಿಷ ತಡವಾಗಿ ಅದೇ ವೇಗದಲ್ಲಿ ಏರುತ್ತದೆ. ಅಂದರೆ ಸೀಸೆಯು ಕ್ಷಣಿಕವಾದುದನ್ನು ಕುಗ್ಗಿಸುತ್ತದೆ, ನಿಲ್ಲದೆ ಏರುವುದನ್ನು ತಡಮಾಡಿಯಾದರೂ ಪೂರ್ತಿಯಾಗಿ ತೋರಿಸುತ್ತದೆ.

ಅಂಗಡಿಯ ಒಂದು ದಿನಕ್ಕೆ ಇದನ್ನು ಅನ್ವಯಿಸಿ ನೋಡೋಣ. ಗಿರಾಕಿಯೊಬ್ಬರು ಇನ್ಸುಲಿನ್ ಕೇಳಿದಾಗ ಬಾಗಿಲು ಒಂದು ನಿಮಿಷ ತೆರೆದಿದ್ದು, ಮುಚ್ಚಿದ ಮೇಲೆ ಗಾಳಿ ತಣಿಯಲು ಇನ್ನು ಆರು ನಿಮಿಷ ಹಿಡಿಯಿತೆಂದರೆ, ಗಾಳಿಯ ಸೆನ್ಸರ್ 14 ತೋರಿಸಿದ್ದರೂ ಸೀಸೆಯ ಸೆನ್ಸರ್ 6.5 ತೋರಿಸಿ ಮತ್ತೆ ಇಳಿಯುತ್ತದೆ. ಹೊಸ ಸರಕು ಬಂದ ದಿನ ಮಾತ್ರ ಹೀಗಾಗುವುದಿಲ್ಲ. ಪೆಟ್ಟಿಗೆಗಳನ್ನು ಜೋಡಿಸುತ್ತಾ ಬಾಗಿಲು ಐದು ನಿಮಿಷ ತೆರೆದೇ ಇದ್ದು, ನಂತರ ಗಾಳಿ ತಣಿಯಲು ಕಾಲು ಗಂಟೆ ಬೇಕಾದರೆ ಸೀಸೆಯೂ 9 ಡಿಗ್ರಿಯನ್ನು ಮುಟ್ಟಬಹುದು. ಆದರೆ ಅದು 8ರ ಮೇಲೆ ಇರುವುದು ಕಾಲು ಗಂಟೆಯೊಳಗೆ. ಆದ್ದರಿಂದ ಸೀಸೆಯ ಮೇಲೆ ಎರಡನೆಯ ಜರಡಿಯಾಗಿ ಸಮಯದ ಷರತ್ತನ್ನು ಹಾಕಬೇಕು: ಸೀಸೆಯ ಉಷ್ಣತೆ 8ಕ್ಕಿಂತ ಹೆಚ್ಚಾಗಿ 30 ನಿಮಿಷ ಇದ್ದರೆ ಮಾತ್ರ ಕೂಗಬೇಕು.

ಈ 30 ನಿಮಿಷವನ್ನು ಮನಬಂದಂತೆ ಆರಿಸಬಾರದು, ಅದಕ್ಕೆ ಕೆಳಗೂ ಮೇಲೂ ಮಿತಿಗಳಿವೆ. ಅಂಗಡಿಯ ಸಹಜ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಬಾಗಿಲು ತೆರೆಯುವ ಸಂದರ್ಭ ಕೆಳಗಿನ ಮಿತಿಯನ್ನು ಹೇಳುತ್ತದೆ, ಮತ್ತು ಅದು ಇಲ್ಲಿ ಸರಕು ಜೋಡಿಸುವ ದಿನ. ಮೇಲಿನ ಮಿತಿಯನ್ನು ಬಹಳ ಜನ ಮರೆಯುತ್ತಾರೆ. ಅದು ಔಷಧಿ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಎಂಬುದರಲ್ಲಿ, ಅಲಾರಂ ಕೇಳಿದವರು ಅಂಗಡಿಗೆ ಬಂದು ತಲುಪಲು ಬೇಕಾದ ಹೊತ್ತನ್ನು ಕಳೆದು ಉಳಿದದ್ದು. ಅಂಗಡಿಯ ಮೇಲಿನ ಮಹಡಿಯಲ್ಲೇ ಮನೆಯಿರುವವರಿಗೂ, ಹತ್ತು ಕಿಲೋಮೀಟರ್ ಆಚೆ ತೋಟದ ಮನೆಯಲ್ಲಿದ್ದು ಮಳೆಯಲ್ಲಿ ರಸ್ತೆಗೆ ಮರ ಬಿದ್ದಿದೆಯೋ ನೀರು ಬಂದಿದೆಯೋ ಎಂದು ತಿಳಿಯದೆ ಹೊರಡಬೇಕಾದವರಿಗೂ ಒಂದೇ ಸಂಖ್ಯೆ ಹೊಂದುವುದಿಲ್ಲ. ನೀರು ರಸ್ತೆಯ ಮೇಲೆ ಹರಿಯುವ ದಿನಗಳಲ್ಲಿ ಬರುವುದಕ್ಕೇ ಆಗದಿರಬಹುದು. ಅಂಥವರು ಅಲಾರಮಿನ ತಡವನ್ನು ಕಡಿಮೆ ಮಾಡುವುದರ ಜೊತೆಗೆ ಫ್ರಿಜ್ಜಿನೊಳಗೆ ನೀರಿನ ಬಾಟಲಿಗಳನ್ನು ಹೆಚ್ಚಿಸಿ ಏರಿಕೆಯ ವೇಗವನ್ನೇ ತಗ್ಗಿಸಿಕೊಳ್ಳಬೇಕು.

ಮಳೆಗಾಲದ ಒಂದು ರಾತ್ರಿಯನ್ನು ಗಂಟೆಗಳ ಪ್ರಕಾರ ನೋಡೋಣ. ರಾತ್ರಿ 10 ಗಂಟೆಗೆ ಕರೆಂಟ್ ಹೋಗುತ್ತದೆ, ಒಳಗೆ 5 ಡಿಗ್ರಿ ಇದೆ, ಹೊರಗೆ 20. ಗಂಟೆಗೆ 1.4 ಡಿಗ್ರಿಯಂತೆ ಏರುತ್ತಾ ಗಾಳಿ 8 ಡಿಗ್ರಿ ತಲುಪುವುದು ಸುಮಾರು 12 ಗಂಟೆ 8 ನಿಮಿಷಕ್ಕೆ. ಸೀಸೆ 8 ತಲುಪುವುದು ಅದರ 20 ನಿಮಿಷದ ನಂತರ, 12 ಗಂಟೆ 28 ನಿಮಿಷಕ್ಕೆ. ಅಲ್ಲಿಂದ 30 ನಿಮಿಷ ಕಳೆದು 1 ಗಂಟೆಯ ಹೊತ್ತಿಗೆ ಅಲಾರಂ ಕೂಗುತ್ತದೆ. ಆಗ ಗಾಳಿ 9.2, ಸೀಸೆ 8.7. ನಾವು ಕೊಟ್ಟ ಬೆಲೆ 50 ನಿಮಿಷ, ಉಷ್ಣತೆಯ ಲೆಕ್ಕದಲ್ಲಿ 1 ಡಿಗ್ರಿಯ ಸುತ್ತಮುತ್ತ. ತೆರೆಯದ ಇನ್ಸುಲಿನ್ ಒಂದು ರಾತ್ರಿ 9 ಡಿಗ್ರಿಯಲ್ಲಿ ಇದ್ದುದರಿಂದ ಕೆಡುವುದಿಲ್ಲ. ಬಳಕೆಯಲ್ಲಿರುವ ಇನ್ಸುಲಿನನ್ನು ಕೋಣೆಯ ಉಷ್ಣತೆಯಲ್ಲಿಯೇ ಸಾಮಾನ್ಯವಾಗಿ ನಾಲ್ಕು ವಾರ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಹಗಲಿನ ನೂರು ಸುಳ್ಳು ಕೂಗುಗಳನ್ನು ತಪ್ಪಿಸಲು ಈ ಬೆಲೆ ಕೊಡುವುದು ನ್ಯಾಯವೆಂದೇ ನಾನು ಭಾವಿಸುತ್ತೇನೆ.

ಅದೇ ಫ್ರಿಜ್ಜನ್ನು ಏಪ್ರಿಲ್ ತಿಂಗಳಿನ ಕುಶಾಲನಗರಕ್ಕೆ ಒಯ್ದರೆ ಲೆಕ್ಕ ಬದಲಾಗುತ್ತದೆ. ಹೊರಗೆ 32 ಡಿಗ್ರಿ ಇದ್ದರೆ ವ್ಯತ್ಯಾಸ 27 ಡಿಗ್ರಿಯಾಗಿ, ಏರಿಕೆ ಗಂಟೆಗೆ 2.5 ಡಿಗ್ರಿಗೆ ಬರುತ್ತದೆ. 8 ದಾಟಲು ಒಂದೂಕಾಲು ಗಂಟೆಗಿಂತ ಹೆಚ್ಚು ಬೇಡ. ಅಲಾರಂ ಕೂಗುವ ಹೊತ್ತಿಗೆ ಗಾಳಿ 10 ಡಿಗ್ರಿ ದಾಟಿರುತ್ತದೆ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಇಪ್ಪತ್ತು ಸಲ ಬಾಗಿಲು ತೆರೆದರೆ, ಮಡಿಕೇರಿಯ ಮಳೆಗಾಲದ ಗಾಳಿಯಲ್ಲಿಯೂ ಸಾಮಾನು 2.5 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಒಂದೊಂದೇ ಆಗಿ ನೋಡಿದರೆ ಕ್ಷಣಿಕವಾದ ಈ ತೆರೆಯುವಿಕೆಗಳು ಒಟ್ಟು ಸೇರಿ ನಿಜವಾದ ಅಪಾಯವಾಗುತ್ತವೆ, ಆಗ ಅಲಾರಂ ಕೂಗುವುದೇ ಸರಿ. ಸೀಸೆಯೊಳಗಿನ ಸೆನ್ಸರ್ ಈ ಕೂಡಿಕೆಯನ್ನು ತಾನೇ ಮಾಡುತ್ತದೆ, ಅದಕ್ಕಾಗಿ ಬೇರೆ ಲೆಕ್ಕ ಬರೆಯಬೇಕಾಗಿಲ್ಲ.

ಸಮಯ ಎಣಿಸುವ ಬಗೆಯಲ್ಲಿ ಒಂದು ಸೂಕ್ಷ್ಮವಾದ ದೋಷ ಅಡಗಿಕೊಳ್ಳುತ್ತದೆ, ಮನೆಯಲ್ಲಿ ಮಾಡಿಕೊಂಡ ಅಲಾರಮುಗಳಲ್ಲಿ ಅದು ಮತ್ತೆ ಮತ್ತೆ ಕಾಣುತ್ತದೆ. 8 ದಾಟಿದಾಗ ಎಣಿಕೆ ಆರಂಭಿಸಿ, 8ಕ್ಕಿಂತ ಕೆಳಗೆ ಬಂದ ಕೂಡಲೇ ಸೊನ್ನೆಗೆ ತರುವುದು ಎಲ್ಲರಿಗೂ ಮೊದಲು ತೋಚುವ ದಾರಿ. ಅನಿಲ ಸೋರಿ ಬಲಗುಂದಿದ ಕಂಪ್ರೆಸರ್ ಇದ್ದರೆ ಉಷ್ಣತೆ 7.9 ಮತ್ತು 9ರ ನಡುವೆ ಏರುತ್ತಾ ಇಳಿಯುತ್ತಾ ಇರುತ್ತದೆ. ಪ್ರತಿ ಇಪ್ಪತ್ತೈದು ನಿಮಿಷಕ್ಕೊಮ್ಮೆ ಅದು ಒಂದು ಕ್ಷಣ 7.9 ಮುಟ್ಟಿದರೂ ಎಣಿಕೆ ಸೊನ್ನೆಗೆ ಬೀಳುತ್ತದೆ. ಔಷಧಿ ಮೂರು ದಿನ ಬಿಸಿಯಲ್ಲಿದ್ದರೂ ಅಲಾರಂ ಕೂಗುವುದಿಲ್ಲ. ಇದನ್ನು ತಪ್ಪಿಸಲು ಎಣಿಕೆಯನ್ನು ಸೊನ್ನೆಗೆ ಎಸೆಯದೆ, ಏರಿದಂತೆಯೇ ನಿಮಿಷಕ್ಕೊಂದರಂತೆ ಇಳಿಸಬೇಕು, ಅದೂ ಉಷ್ಣತೆ 7ಕ್ಕಿಂತ ಕೆಳಗೆ ಬಂದಾಗ ಮಾತ್ರ. ನಿಮಿಷಕ್ಕೊಮ್ಮೆ ನಡೆಯುವ ಆ ಲೆಕ್ಕ ಇಷ್ಟೇ:

```
if (t > 8.0 && warmMin < 60) warmMin++;
else if (t < 7.0 && warmMin > 0) warmMin--;
if (warmMin >= 30) soundAlarm();
```

ಇಲ್ಲಿ `t` ಸೀಸೆಯ ಉಷ್ಣತೆ, `warmMin` ಬಿಸಿಯಲ್ಲಿ ಕಳೆದ ನಿಮಿಷಗಳು. ಉಷ್ಣತೆ 7 ಮತ್ತು 8ರ ನಡುವೆ ಇದ್ದಾಗ ಎಣಿಕೆ ಇದ್ದಲ್ಲೇ ನಿಲ್ಲುತ್ತದೆ. ಆದ್ದರಿಂದ ಮಿತಿಯ ಅಂಚಿನಲ್ಲೇ ಓಲಾಡುವ ಫ್ರಿಜ್ ಹಲವು ಸುತ್ತುಗಳಲ್ಲಾದರೂ 30ನ್ನು ತಲುಪಿ ಸಿಕ್ಕಿಬೀಳುತ್ತದೆ. 60ರ ಮೇಲೆ ಏರದಂತೆ ತಡೆದಿರುವುದಕ್ಕೂ ಕಾರಣವಿದೆ: ಆರು ಗಂಟೆ ಕರೆಂಟ್ ಇಲ್ಲದ ರಾತ್ರಿ ಎಣಿಕೆ 200 ದಾಟಿದರೆ, ಕರೆಂಟ್ ಬಂದು ಎಲ್ಲ ಸರಿಯಾದ ಮೇಲೂ ಅಲಾರಂ ಮೂರು ಗಂಟೆ ಕೂಗುತ್ತಲೇ ಇರುತ್ತದೆ.

ಬಾಗಿಲಿಗೇ ಒಂದು ಸ್ವಿಚ್ ಹಾಕಿ, ಬಾಗಿಲು ತೆರೆದಿರುವಾಗ ಅಲಾರಂ ಸುಮ್ಮನಿರಲಿ ಎಂದು ಹೇಳಿದರೆ ಸುಲಭವಲ್ಲವೇ ಎಂದು ಅನೇಕರು ಕೇಳುತ್ತಾರೆ. ಅದು ಸುಲಭ, ಆದರೆ ಅಪಾಯಕರ. ಉದ್ದನೆಯ ಪೆಟ್ಟಿಗೆಯೊಂದು ಅಡ್ಡವಾಗಿ ಬಾಗಿಲು ಎರಡು ಬೆರಳಿನಷ್ಟು ತೆರೆದೇ ಉಳಿದ ರಾತ್ರಿ, ಆ ಸ್ವಿಚ್ ಬಾಗಿಲು ತೆರೆದಿದೆ ಎಂದು ಹೇಳುತ್ತಾ ಅಲಾರಮನ್ನು ಬೆಳಗಿನವರೆಗೂ ಮೌನವಾಗಿ ಇಡುತ್ತದೆ. ಯಾವುದಕ್ಕಾಗಿ ಅಲಾರಂ ಬೇಕಿತ್ತೋ ಅದನ್ನೇ ಅದು ಮುಚ್ಚಿಡುತ್ತದೆ. ಸ್ವಿಚ್ ಹಾಕುವುದಾದರೆ ಅದಕ್ಕೆ ಉಷ್ಣತೆಯ ಅಲಾರಮಿನ ಮೇಲೆ ಯಾವ ಅಧಿಕಾರವನ್ನೂ ಕೊಡದೆ, ಬಾಗಿಲು ಮೂರು ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಮೆಲ್ಲನೆ ಕುಂಯ್ ಎನ್ನುವ ಬೇರೆಯೇ ಕೆಲಸ ಕೊಡಬೇಕು. ಸ್ವಿಚ್ ಇಲ್ಲದಿದ್ದರೂ ನಮ್ಮ ಸೀಸೆ ಈ ಸಂದರ್ಭವನ್ನು ಹಿಡಿಯುತ್ತದೆ: ಅರೆತೆರೆದ ಬಾಗಿಲಿನಿಂದ ಗಾಳಿ 11 ಡಿಗ್ರಿಯಲ್ಲಿ ನಿಂತರೆ ಸೀಸೆ 14 ನಿಮಿಷದಲ್ಲಿ 8 ದಾಟುತ್ತದೆ, ಮುಕ್ಕಾಲು ಗಂಟೆಯೊಳಗೆ ಅಲಾರಂ ಕೂಗುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆಗಳನ್ನು ನೋಡಿದವರಿಗೆ ನಮ್ಮ 30 ನಿಮಿಷ ತೀರ ಆತುರದ್ದೆಂದು ತೋರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಅಲ್ಲಿನ 30 ದಿನಗಳ ದಾಖಲೆ ಯಂತ್ರವು 8 ಡಿಗ್ರಿಗಿಂತ ಮೇಲೆ ಸತತವಾಗಿ 10 ಗಂಟೆ ಇದ್ದರೆ ಅಲಾರಂ ದಾಖಲಿಸುತ್ತದೆ, ಆದರೆ ಕೆಳಗೆ −0.5 ಡಿಗ್ರಿಗೆ ಇಳಿದು 60 ನಿಮಿಷ ಇದ್ದರೆ ಸಾಕು. ಈ ಅಸಮತೆಯಲ್ಲಿ ಒಂದು ಪಾಠವಿದೆ. ಲಸಿಕೆಗಳು ಸ್ವಲ್ಪ ಹೊತ್ತಿನ ಬಿಸಿಯನ್ನು ತಡೆದುಕೊಳ್ಳುತ್ತವೆ, ಆದರೆ ಹೆಪಟೈಟಿಸ್ ಬಿ, ಧನುರ್ವಾಯು ಮುಂತಾದವು ಒಮ್ಮೆ ಹೆಪ್ಪುಗಟ್ಟಿದರೆ ಕರಗಿಸಿದರೂ ಮೊದಲಿನಂತಾಗುವುದಿಲ್ಲ. ಇನ್ಸುಲಿನ್ನಿನ ಕಥೆಯೂ ಅದೇ. ಐಎಲ್‌ಆರ್‌ಗಳ ಬಾಗಿಲು ಮೇಲ್ಮುಖವಾಗಿರುವುದರಿಂದ ತೆರೆದಾಗ ತಣ್ಣನೆಯ ಗಾಳಿ ಚೆಲ್ಲಿಹೋಗುವುದಿಲ್ಲ, ಮತ್ತು ಗೋಡೆಯೊಳಗಿನ ಮಂಜುಗಡ್ಡೆ ಕರೆಂಟ್ ಇಲ್ಲದೆಯೂ ಬಹಳ ಹೊತ್ತು ತಂಪು ಕಾಯುತ್ತದೆ. ಮನೆಬಳಕೆಯ ಫ್ರಿಜ್ಜಿಗೆ ಇವೆರಡೂ ಇಲ್ಲವಾದ್ದರಿಂದ ಅದಕ್ಕೆ ಬೇಗ ಕೂಗುವ ಅಲಾರಂ ಬೇಕು.

ಕೆಳಗಿನ ಮಿತಿಗೆ ಉದ್ದನೆಯ ತಡ ಬೇಕಾಗಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮೇಲಿನ ಮಿತಿಗೆ ನಾವು ತಡ ಹಾಕಿದ್ದು ಬಾಗಿಲಿನ ಕಾರಣಕ್ಕೆ; ಬಾಗಿಲು ತೆರೆದರೆ ಫ್ರಿಜ್ ಎಂದೂ ಇನ್ನಷ್ಟು ತಣ್ಣಗಾಗುವುದಿಲ್ಲ. ಸೀಸೆ 1 ಡಿಗ್ರಿಗಿಂತ ಕೆಳಗೆ ಹತ್ತು ನಿಮಿಷ ಇದ್ದರೆ ಥರ್ಮೋಸ್ಟಾಟ್ ಅಂಟಿಕೊಂಡಿರಬೇಕು, ಇಲ್ಲವೇ ಯಾರೋ ಗುಂಡಿಯನ್ನು ಪೂರ್ತಿ ತಿರುಗಿಸಿರಬೇಕು, ಎರಡಕ್ಕೂ ಆಗಲೇ ಕೂಗಬೇಕು.

ಸೆನ್ಸರಿನ ವಿಷಯದಲ್ಲಿ ಕೆಲವು ಮಾತುಗಳು. ಅಗ್ಗವಾಗಿ ಸಿಗುವ, ನೀರು ಹೊಗದ ಉಕ್ಕಿನ ಕಡ್ಡಿಯ ಡಿಎಸ್18ಬಿ20 ಈ ಕೆಲಸಕ್ಕೆ ಸಾಕು, ಆದರೆ ಅದರ ಓದು ಅರ್ಧ ಡಿಗ್ರಿಯಷ್ಟು ಹೆಚ್ಚುಕಡಿಮೆ ಇರಬಹುದು. ಪುಡಿಮಾಡಿದ ಮಂಜುಗಡ್ಡೆಗೆ ಸ್ವಲ್ಪವೇ ನೀರು ಬೆರೆಸಿ ಅದರಲ್ಲಿ ಕಡ್ಡಿಯನ್ನು ಕಾಲು ಗಂಟೆ ಇಟ್ಟು ಕಲಕಿದರೆ 0 ತೋರಿಸಬೇಕು, 0.4 ತೋರಿಸಿದರೆ ಪ್ರತಿ ಓದಿನಿಂದಲೂ 0.4 ಕಳೆಯಬೇಕು. ಈ ಸೆನ್ಸರಿಗೆ ಎರಡು ಹುಸಿ ಸಂಖ್ಯೆಗಳಿವೆ. ಅದರ ವಿದ್ಯುತ್ ಒಂದು ಕ್ಷಣ ತಪ್ಪಿ ಮರಳಿದಾಗ `85` ಎಂದೂ, ತಂತಿ ಕಡಿದಾಗ ಸಾಮಾನ್ಯವಾಗಿ ಬಳಸುವ ಲೈಬ್ರರಿಯಲ್ಲಿ `-127` ಎಂದೂ ಬರುತ್ತದೆ. ಇವನ್ನು ಉಷ್ಣತೆಯೆಂದು ಎಣಿಸಬಾರದು, ಹಾಗೆಂದು ಕಡೆಗಣಿಸಲೂ ಬಾರದು. ಒಂದು ಸಲ ಬಂದರೆ ಬಿಟ್ಟುಬಿಡಬಹುದು, ಐದು ನಿಮಿಷ ಸತತವಾಗಿ ಬಂದರೆ ಸೆನ್ಸರ್ ಕೆಟ್ಟಿದೆ ಎಂಬ ಬೇರೆ ಅಲಾರಂ ಆಗಬೇಕು. ಸೀಸೆಯನ್ನು ನಡುವಿನ ತಟ್ಟೆಯಲ್ಲಿ ಔಷಧಿಗಳ ಮಧ್ಯೆ ಇಡಬೇಕು. ಬಾಗಿಲಿನ ಅರೆಯಲ್ಲಿಯೂ, ಫ್ರೀಜರಿನ ಕೆಳಗೂ, ಹಿಂದಿನ ಗೋಡೆಗೆ ತಾಗಿಸಿಯೂ ಇಡಬಾರದು. ತಂತಿ ಹೊರಬರುವ ಕಡೆ ಬಾಗಿಲಿನ ರಬ್ಬರು ಎದ್ದು ನಿಂತರೆ ಅಲ್ಲಿಂದ ಒದ್ದೆ ಗಾಳಿ ದಿನವಿಡೀ ನುಗ್ಗುತ್ತದೆ, ಹಾಗಾಗಿ ತೆಳ್ಳನೆಯ ಚಪ್ಪಟೆ ತಂತಿಯೇ ಬೇಕು.

ಅಲಾರಂ ಎಷ್ಟೇ ಸರಿಯಾಗಿ ಯೋಚಿಸಿದರೂ ಅದರ ಕೂಗು ಯಾರಿಗಾದರೂ ತಲುಪಬೇಕು. ಗೋಡೆಯ ಪ್ಲಗ್ಗಿನಿಂದಲೇ ನಡೆಯುವ ಅಲಾರಂ ಕರೆಂಟಿನ ಜೊತೆಗೇ ಹೋಗುತ್ತದೆ. ಅದಕ್ಕೆ ಬ್ಯಾಟರಿ ಇಟ್ಟರೂ ವೈಫೈ ಪೆಟ್ಟಿಗೆಗೆ ಬ್ಯಾಟರಿ ಇಡುವುದನ್ನು ಮರೆತಿರುತ್ತಾರೆ. ಎರಡಕ್ಕೂ ಬ್ಯಾಟರಿ ಇದ್ದರೂ, ದೀರ್ಘವಾಗಿ ಕರೆಂಟ್ ಹೋದಾಗ ಮೊಬೈಲ್ ಟವರ್ ಕೂಡ ಆರಿಹೋಗುವುದು ಗಾಳಿಮಳೆಯ ದಿನಗಳಲ್ಲಿ ಇಲ್ಲಿನವರಿಗೆ ಗೊತ್ತಿರುವ ವಿಷಯ. ಆದ್ದರಿಂದ ಕೆಟ್ಟ ಸುದ್ದಿ ಬಂದಾಗ ಮಾತ್ರ ಎಚ್ಚರಗೊಳ್ಳುವ ವ್ಯವಸ್ಥೆಯನ್ನು ನಂಬಬಾರದು. ಯಂತ್ರವು ಅರ್ಧ ಗಂಟೆಗೊಮ್ಮೆ ಎಲ್ಲ ಸರಿಯಿದೆ ಎಂದು ಕಳಿಸುತ್ತಿರಬೇಕು, ಆ ಸಂದೇಶ ಎರಡು ಗಂಟೆ ಬಾರದಿದ್ದರೆ ಮಾಲೀಕರ ಫೋನು ತಾನಾಗಿಯೇ ಎಚ್ಚರಿಸಬೇಕು. ಸಂದೇಶ ಬಾರದಿರುವುದೂ ಒಂದು ಸುದ್ದಿ ಎಂದು ಫೋನಿನ ಕಡೆಯಲ್ಲಿ ಮೊದಲೇ ಬರೆದಿಡದೆ ಹೋದರೆ, ಎಲ್ಲಕ್ಕಿಂತ ಕೆಟ್ಟ ರಾತ್ರಿಯೇ ಎಲ್ಲಕ್ಕಿಂತ ನಿಶ್ಶಬ್ದವಾದ ರಾತ್ರಿಯೂ ಆಗುತ್ತದೆ. ಕರೆಂಟ್ ಹೋದ ಪ್ರತಿ ಸಲವೂ ಸಂದೇಶ ಕಳಿಸುವುದು ಮಾತ್ರ ಬೇಡ. ಜುಲೈ ತಿಂಗಳಿನಲ್ಲಿ ಅದು ಬಾಗಿಲಿನ ಕೂಗಿನಷ್ಟೇ ಬೇಗ ಬೇಸರ ತರಿಸುತ್ತದೆ. ಒಂದು ಗಂಟೆ ಕರೆಂಟ್ ಇಲ್ಲದಿದ್ದರೆ ಒಂದು ಸಂದೇಶ ಸಾಕು. ಅದು ಉಷ್ಣತೆಯ ಅಲಾರಮಿಗಿಂತ ಎರಡು ಗಂಟೆ ಮೊದಲೇ ಬಂದು, ದೂರದಲ್ಲಿರುವವರಿಗೆ ಹೊರಡಲು ಸಮಯ ಕೊಡುತ್ತದೆ.

ಹೋಂಸ್ಟೇಗಳಲ್ಲಿ ಹಂದಿಮಾಂಸ ಇಡುವ ಡೀಪ್ ಫ್ರೀಜರಿಗೂ ಇದೇ ವಿಧಾನ ಹೊಂದುತ್ತದೆ, ಆದರೆ ಮಿತಿಯನ್ನು ಎಲ್ಲಿ ಇಡಬೇಕು ಎಂಬಲ್ಲಿ ಎಚ್ಚರ ಬೇಕು. ಮಾಂಸ −18 ಡಿಗ್ರಿಯಿಂದ ಏರುತ್ತಾ −5ರ ಹತ್ತಿರ ಬಂದಾಗ ಒಳಗಿನ ಮಂಜು ಕರಗಲು ತೊಡಗಿ, ಬರುವ ಶಾಖವೆಲ್ಲ ಕರಗುವುದಕ್ಕೇ ಹೋಗುತ್ತದೆ. ಉಷ್ಣತೆ −1ರ ಸುತ್ತ ಗಂಟೆಗಟ್ಟಲೆ ನಿಂತಂತೆ ಕಾಣುತ್ತದೆ. ಮಿತಿಯನ್ನು 0 ಡಿಗ್ರಿಯಲ್ಲಿ ಇಟ್ಟವರಿಗೆ ಅಲಾರಂ ಕೇಳುವಾಗ ಮಾಂಸ ಪೂರ್ತಿ ಕರಗಿರುತ್ತದೆ. −12ರಲ್ಲಿ ಇಟ್ಟರೆ ಕರಗುವ ಮೊದಲೇ ಜನರೇಟರ್ ಹಾಕಲು ಸಮಯ ಸಿಗುತ್ತದೆ. ಹಿಮ ಕಟ್ಟದ ಬಗೆಯ ಫ್ರೀಜರ್ ತಾನಾಗಿ ಹಿಮ ಕರಗಿಸಿಕೊಳ್ಳುವಾಗಲೂ ಗಾಳಿ ಸ್ವಲ್ಪ ಹೊತ್ತು ಬಿಸಿಯಾಗುತ್ತದೆ, ಅದನ್ನೂ ಸೀಸೆಯೇ ನುಂಗಿಕೊಳ್ಳುತ್ತದೆ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆಯನ್ನು ಎರಡೂ ಕಡೆಯಿಂದ ಮಾಡಬೇಕು, ಮತ್ತು ಔಷಧಿಗಳನ್ನು ಬಿಸಿಮಾಡದೆ ಮಾಡಬೇಕು. ಸೀಸೆಯೊಂದನ್ನೇ ಹೊರತೆಗೆದು 20 ಡಿಗ್ರಿಯ ಮೇಜಿನ ಮೇಲೆ ಎರಡು ನಿಮಿಷ ಇಟ್ಟು ಮತ್ತೆ ಒಳಗಿಟ್ಟರೆ ಅಲಾರಂ ಕೂಗಬಾರದು. ಅದನ್ನೇ ಹೊರಗೆ ಬಿಟ್ಟರೆ ನಾಲ್ಕೂವರೆ ನಿಮಿಷದಲ್ಲಿ 8 ದಾಟಿ, ಸುಮಾರು 35ನೆಯ ನಿಮಿಷಕ್ಕೆ ಕೂಗಬೇಕು. 20ನೆಯ ನಿಮಿಷಕ್ಕೇ ಕೂಗಿದರೆ ಎಣಿಕೆಯಲ್ಲಿ ತಪ್ಪಿದೆ, 50 ಕಳೆದರೂ ಕೂಗದಿದ್ದರೆ ಮಿತಿಯನ್ನು ಯಾರೋ ಬದಲಿಸಿರಬೇಕು. ಮೊದಲ ವಾರ ನಿಮಿಷಕ್ಕೊಂದರಂತೆ ಉಷ್ಣತೆಯನ್ನು ದಾಖಲಿಸಿ, ವಾರದ ಕೊನೆಯಲ್ಲಿ `warmMin` ಅತಿ ಹೆಚ್ಚು ಎಷ್ಟಕ್ಕೆ ಏರಿತ್ತು ಎಂದು ನೋಡಬೇಕು. ಸರಕು ಜೋಡಿಸಿದ ದಿನವೂ ಅದು 15 ದಾಟಿರದಿದ್ದರೆ, 30 ನಿಮಿಷದ ತಡವನ್ನು 20ಕ್ಕೆ ಇಳಿಸಿಕೊಳ್ಳಲು ಅವಕಾಶವಿದೆ. ದೂರದಿಂದ ಬರಬೇಕಾದ ಮಾಲೀಕರು ಆ ಹತ್ತು ನಿಮಿಷವನ್ನು ತಮ್ಮ ರಸ್ತೆಗೆ ಇಟ್ಟುಕೊಳ್ಳಬೇಕು.